ಮನೆಯಲ್ಲಿ ಸರಿ ಬರುವ ಲೆಕ್ಕ ಟೆಸ್ಟಿನಲ್ಲಿ ಯಾಕೆ ತಪ್ಪುತ್ತದೆ: ಇಂಟಿಗ್ರೇಷನ್ ಬಗ್ಗೆ ಪೋಷಕರಿಗೊಂದು ಪತ್ರ

ಪ್ರಶ್ನೆ: ನಮಸ್ಕಾರ ಸರ್. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಇಂಟಿಗ್ರೇಷನ್ ಟೆಸ್ಟಿನಲ್ಲಿ 25ಕ್ಕೆ 9 ಬಂದಿದೆ. ಮನೆಯಲ್ಲಿ ಟೆಕ್ಸ್ಟ್‌ಬುಕ್ ಲೆಕ್ಕ ಎಲ್ಲ ಮಾಡ್ತಾಳೆ, ಉತ್ತರನೂ ಸರಿ ಬರುತ್ತೆ. ಕಾಲೇಜಲ್ಲಿ "ಇನ್ನೂ ಜಾಸ್ತಿ ಪ್ರ್ಯಾಕ್ಟೀಸ್ ಮಾಡಿಸಿ" ಅಂದ್ರು. ಪ್ರಿಪರೇಟರಿ ಒಳಗೆ ಸರಿ ಹೋಗುತ್ತಾ? ನೀವು ಏನು ಮಾಡ್ತೀರಿ, ಸುಧಾರಿಸ್ತಿದ್ದಾಳೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ? ನಮ್ಮಿಬ್ಬರಿಗೂ ಈ ಗಣಿತ ಬರಲ್ಲ.

ಉತ್ತರ:

ನಮಸ್ಕಾರ. ನೀವು ಕಳಿಸಿದ ಉತ್ತರ ಪತ್ರಿಕೆಯನ್ನು ಒಂದೊಂದು ಸಾಲಾಗಿ ಓದಿದೆ. ಅಂಕ ನೋಡಿದರೆ ಹೆದರಿಕೆ ಆಗುತ್ತದೆ, ನಿಜ. ಆದರೆ ತಪ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವೆಲ್ಲ ಬೇರೆ ಬೇರೆ ತಪ್ಪುಗಳಲ್ಲ. ಹೆಚ್ಚಿನವು ಒಂದೇ ತಪ್ಪು ನಂಬಿಕೆಯಿಂದ ಹುಟ್ಟಿವೆ. ಅದಕ್ಕೇ ಈ ಟರ್ಮಿನಲ್ಲಿ ಸರಿಪಡಿಸಬಹುದು ಅಂತ ನನಗೆ ಅನ್ನಿಸುತ್ತದೆ.

ಅವಳು ಬರೆದ ಮೂರು ಉತ್ತರ ಇವು:

∫ sin²x dx = sin³x/3 + C

∫ dx/(x² + 6x + 13) = log|x² + 6x + 13| + C

∫ e^(x²) dx = e^(x²)/(2x) + C

ಮೂರೂ ತಪ್ಪು. ಆದರೆ ಮೂರರಲ್ಲೂ ಅವಳು ಮಾಡಿದ್ದು ಒಂದೇ ಕೆಲಸ. ಪುಸ್ತಕದಲ್ಲಿ x ಗೆ ಅಂತ ಕೊಟ್ಟಿರುವ ಸೂತ್ರವನ್ನು x ಇರುವ ಜಾಗದಲ್ಲಿ ಬೇರೆ ಏನೋ ಇದ್ದಾಗಲೂ ಹಾಗೇ ಹಾಕಿದ್ದಾಳೆ. ∫ x² dx ಅಂದರೆ x³/3, ಹಾಗಾದರೆ sin²x ಗೆ sin³x/3. ∫ dx/x ಅಂದರೆ log|x|, ಹಾಗಾದರೆ ಕೆಳಗೆ ಏನಿದ್ದರೂ ಅದರ log.

ಇದು ದಡ್ಡತನ ಅಲ್ಲ. ಈ ಅಭ್ಯಾಸ ಅವಳಿಗೆ ಬಂದದ್ದು ಸರಿ ಉತ್ತರಗಳಿಂದಲೇ. ಮೊದಮೊದಲ ಲೆಕ್ಕಗಳಲ್ಲಿ ∫ cos(3x + 2) dx ಅಂತ ಬರುತ್ತದೆ. ಉತ್ತರ sin(3x + 2)/3. ಸೂತ್ರ ಹಾಕು, ಒಳಗಿನದರ ಡೆರಿವೇಟಿವ್‌ನಿಂದ ಭಾಗಿಸು, ಮುಗಿಯಿತು. ಇಲ್ಲಿ ಇದು ನಡೆಯುತ್ತದೆ, ಯಾಕಂದರೆ 3x + 2 ರ ಡೆರಿವೇಟಿವ್ ಬರೀ 3. ಅದು ಒಂದು ಸಂಖ್ಯೆ, ಇಂಟಿಗ್ರಲ್ ಚಿಹ್ನೆಯಿಂದ ಆಚೆ ತರಬಹುದು. x² ರ ಡೆರಿವೇಟಿವ್ 2x. ಅದರಲ್ಲಿ x ಇದೆ, ಅದನ್ನು ಆಚೆ ತರಲು ಬರುವುದಿಲ್ಲ. ಈ ವ್ಯತ್ಯಾಸವನ್ನು ಯಾರಾದರೂ ಬಿಡಿಸಿ ಹೇಳದಿದ್ದರೆ "ಒಳಗಿನದರಿಂದ ಭಾಗಿಸು" ಅನ್ನುವುದೇ ನಿಯಮ ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಅಂದ ಹಾಗೆ, ∫ e^(x²) dx ಗೆ ಅವಳು ಓದಿರುವ ಯಾವ ಫಂಕ್ಷನ್‌ಗಳನ್ನು ಸೇರಿಸಿದರೂ ಉತ್ತರ ಬರೆಯಲು ಆಗುವುದಿಲ್ಲ. ಟೆಸ್ಟಿನಲ್ಲಿ ಕೇಳಿದ್ದು ∫ x e^(x²) dx. ಆ ಹೊರಗಿನ x ಇರುವುದರಿಂದಲೇ ಲೆಕ್ಕ ಸಾಧ್ಯ: ಉತ್ತರ e^(x²)/2. ಅವಳು ಆ x ಅನ್ನು ಪ್ರಶ್ನೆಯಿಂದ ನಕಲು ಮಾಡುವಾಗಲೇ ಬಿಟ್ಟಿದ್ದಾಳೆ. ಅದು ಅಲ್ಲಿ ಯಾಕಿದೆ ಅಂತ ಗೊತ್ತಿದ್ದರೆ ಬಿಟ್ಟುಹೋಗುತ್ತಿರಲಿಲ್ಲ.

ಇನ್ನು ಮನೆಯಲ್ಲಿ ಸರಿ ಬಂದದ್ದು ಟೆಸ್ಟಿನಲ್ಲಿ ಯಾಕೆ ಬರಲಿಲ್ಲ? ಟೆಕ್ಸ್ಟ್‌ಬುಕ್‌ನ 7ನೇ ಅಧ್ಯಾಯ ತೆಗೆದು ನೋಡಿ. ಎಕ್ಸರ್‌ಸೈಜ್ 7.2 ಪೂರ್ತಿ ಸಬ್‌ಸ್ಟಿಟ್ಯೂಷನ್. 7.3 ರಲ್ಲಿ ಟ್ರಿಗ್ನಾಮೆಟ್ರಿ. 7.5 ಪಾರ್ಷಿಯಲ್ ಫ್ರಾಕ್ಷನ್. 7.6 ಬೈ ಪಾರ್ಟ್ಸ್. ಯಾವ ವಿಧಾನ ಹಾಕಬೇಕು ಅನ್ನುವುದನ್ನು ಎಕ್ಸರ್‌ಸೈಜ್ ನಂಬರೇ ಹೇಳಿಬಿಡುತ್ತದೆ. ಮಗು ಮಾಡುವುದು ಉಳಿದ ಬಿಡಿಸುವ ಕೆಲಸ ಮಾತ್ರ. ಪರೀಕ್ಷೆಯಲ್ಲಿ ಆ ನಂಬರ್ ಇರುವುದಿಲ್ಲ. ಆರಿಸುವ ಕೆಲಸವನ್ನು ನಿಮ್ಮ ಮಗಳು ಇಲ್ಲಿವರೆಗೆ ಹೆಚ್ಚುಕಡಿಮೆ ಮಾಡಿಯೇ ಇಲ್ಲ. ಹಾಗಾಗಿ ಅದೇ ಎಕ್ಸರ್‌ಸೈಜನ್ನು ಮತ್ತೆ ಮತ್ತೆ ಮಾಡಿಸಿದರೆ ಬರುವುದು ಇನ್ನೂ ಚೆನ್ನಾಗಿ ಬರುತ್ತದೆ, ಬರದೇ ಇರುವುದು ಹಾಗೇ ಉಳಿಯುತ್ತದೆ.

ಈಗ ನಾನು ಏನು ಮಾಡುತ್ತೇನೆ ಅಂತ ಹೇಳುತ್ತೇನೆ. ದಸರಾ ರಜೆ ಮುಗಿದ ಮೇಲೆ ನಮಗೆ ಸುಮಾರು 12 ವಾರ ಸಿಗುತ್ತದೆ. ವಾರಕ್ಕೆ ಮೂರು ಕ್ಲಾಸ್.

ಮೊದಲ ಎರಡು ವಾರ ಇಂಟಿಗ್ರೇಷನ್ ಮಾಡಿಸುವುದೇ ಇಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ "ಸರ್ ಹಳೇ ಪಾಠ ಮಾಡ್ತಿದ್ದಾರೆ" ಅಂತ ಮನೆಯಲ್ಲಿ ಮಾತು ಬರುವುದು ಬೇಡ. ಈ ಎರಡು ವಾರದಲ್ಲಿ ಮೂರೇ ಕೆಲಸ. ಚೈನ್ ರೂಲ್ ಹಾಕಿ ಡೆರಿವೇಟಿವ್ ತೆಗೆಯುವುದು, sin²x ಅನ್ನು (1 − cos 2x)/2 ಅಂತ ಬದಲಿಸುವಂಥ ನಾಲ್ಕೈದು ಟ್ರಿಗ್ನಾಮೆಟ್ರಿ ಸೂತ್ರ, ಮತ್ತೆ x² + 6x + 13 ಅನ್ನು (x + 3)² + 4 ಅಂತ ವರ್ಗ ಪೂರ್ತಿ ಮಾಡುವುದು. ಅವಳ ಪತ್ರಿಕೆಯಲ್ಲಿ ವಿಧಾನ ಸರಿ ಹಿಡಿದ ಎರಡು ಲೆಕ್ಕ ಇವುಗಳಲ್ಲೇ ಎಡವಿವೆ.

ಮೊದಲ ದಿನದಿಂದಲೇ ಒಂದು ಕಟ್ಟುನಿಟ್ಟು ಇರುತ್ತದೆ. ನೋಟ್‌ಬುಕ್ಕಿನ ಬಲಗಡೆ ಮಾರ್ಜಿನ್ ಹಾಕಿ, ಪ್ರತಿ ಉತ್ತರದ ಡೆರಿವೇಟಿವ್ ತೆಗೆದು ಅಲ್ಲಿ ಬರೆಯಬೇಕು. ಅದು ಪ್ರಶ್ನೆಯಲ್ಲಿ ಕೊಟ್ಟಿದ್ದಕ್ಕೆ ಸಮ ಬಂದರೆ ಉತ್ತರ ಸರಿ. ಬರದಿದ್ದರೆ ತಪ್ಪು. ಪುಸ್ತಕದ ಹಿಂದಿನ ಉತ್ತರ ನೋಡುವ ಅಗತ್ಯವೇ ಇಲ್ಲ. sin³x/3 ರ ಡೆರಿವೇಟಿವ್ ತೆಗೆದು ನೋಡಿ, sin²x · cos x ಬರುತ್ತದೆ. ಪ್ರಶ್ನೆಯಲ್ಲಿ cos x ಇರಲೇ ಇಲ್ಲ. ಹೆಚ್ಚುವರಿಯಾಗಿ ಬಂದ ಆ cos x ಬರೀ ತಪ್ಪನ್ನು ತೋರಿಸುವುದಿಲ್ಲ, ಕಾರಣವನ್ನೂ ಹೇಳುತ್ತದೆ: ಒಳಗಿನ sin x ನ ಡೆರಿವೇಟಿವ್ ಪ್ರಶ್ನೆಯಲ್ಲಿ ಇದ್ದಿದ್ದರೆ ಮಾತ್ರ ಈ ದಾರಿ ನಡೆಯುತ್ತಿತ್ತು. ಇಲ್ಲದ್ದರಿಂದ ಸೂತ್ರ ಬದಲಿಸಿ ಹೋಗಬೇಕು, ಆಗ x/2 − (sin 2x)/4 + C ಬರುತ್ತದೆ. ಅವಳು ಇದನ್ನು ತಾನೇ ಹಿಡಿಯುವಂತಾಗಬೇಕು. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರೆ ಅವಳು ಅದನ್ನು ನೋಡಿ ಪುಟ ತಿರುಗಿಸುತ್ತಾಳೆ, ಅಷ್ಟೇ.

ಮೂರರಿಂದ ಐದನೇ ವಾರದವರೆಗೆ ಆರಿಸುವುದನ್ನು ಕಲಿಸುತ್ತೇನೆ. ಈ ಕ್ಲಾಸುಗಳಲ್ಲಿ ಲೆಕ್ಕವನ್ನು ಪೂರ್ತಿ ಬಿಡಿಸಬಾರದು. ಬೇರೆ ಬೇರೆ ಎಕ್ಸರ್‌ಸೈಜ್‌ಗಳಿಂದ ಎತ್ತಿ ಕಲಸಿದ 20 ಇಂಟಿಗ್ರಲ್ ಒಂದು ಹಾಳೆಯಲ್ಲಿ ಕೊಡುತ್ತೇನೆ. ಪ್ರತಿಯೊಂದರ ಪಕ್ಕ ಯಾವ ವಿಧಾನ, ಸಬ್‌ಸ್ಟಿಟ್ಯೂಷನ್ ಆದರೆ u ಏನು, du ಏನು, ಇಷ್ಟನ್ನೇ ಬರೆಯಬೇಕು. ಬಿಡಿಸಬಾರದು ಅಂದರೆ ಮಕ್ಕಳಿಗೆ ಕೈ ಕಟ್ಟಿದ ಹಾಗಾಗುತ್ತದೆ, ಸ್ವಲ್ಪ ಗೊಣಗುತ್ತಾರೆ ಕೂಡ. ಆದರೆ ಪೆನ್ ಓಡುವ ಮುಂಚೆ ಕಣ್ಣು ನೋಡಬೇಕು ಅನ್ನುವುದು ಹೀಗಲ್ಲದೆ ಬರುವುದಿಲ್ಲ.

ಅವಳು ತಪ್ಪಿದ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಗಣಿತ ಬರದಿದ್ದರೂ ಕೆಳಗಿನ ಸಾಲುಗಳನ್ನು ಒಮ್ಮೆ ನೋಡಿ. ಎಲ್ಲ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

(ಅ) ∫ (2x + 6)/(x² + 6x + 13) dx

(ಆ) ∫ dx/(x² + 6x + 13)

(ಇ) ∫ x/(x² + 6x + 13) dx

(ಈ) ∫ dx/(x² + 6x + 5)

(ಅ) ಲೆಕ್ಕದಲ್ಲಿ ಮೇಲಿರುವುದು ಕೆಳಗಿನದರ ಡೆರಿವೇಟಿವ್. ಇಲ್ಲಿ ಮಾತ್ರ ಅವಳು ಬರೆದ log ಉತ್ತರ ಸರಿ. (ಆ) ಲೆಕ್ಕದಲ್ಲಿ ಮೇಲೆ ಬರೀ 1 ಇದೆ, 2x + 6 ಇಲ್ಲ. ಆದ್ದರಿಂದ log ಬರುವುದಿಲ್ಲ. ಕೆಳಗಿನದನ್ನು (x + 3)² + 2² ಅಂತ ಬರೆದರೆ ಉತ್ತರ (1/2) tan⁻¹((x + 3)/2) + C. (ಇ) ಲೆಕ್ಕದಲ್ಲಿ ಮೇಲೆ x ಇದೆ. ಅದನ್ನು (1/2)(2x + 6) − 3 ಅಂತ ಒಡೆಯಬೇಕು. ಆಗ ಮೊದಲ ಭಾಗ (ಅ) ಥರ, ಎರಡನೇ ಭಾಗ (ಆ) ಥರ ಆಗುತ್ತದೆ. ಉತ್ತರ (1/2) log(x² + 6x + 13) − (3/2) tan⁻¹((x + 3)/2) + C. ಮೇಲಿನ ಎರಡು ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಇಲ್ಲ. (ಈ) ಲೆಕ್ಕದಲ್ಲಿ 13 ಹೋಗಿ 5 ಬಂದಿದೆ. ಅಷ್ಟಕ್ಕೇ ದಾರಿ ಬದಲು: x² + 6x + 5 ಅನ್ನು (x + 1)(x + 5) ಅಂತ ಒಡೆಯಬಹುದು, ಪಾರ್ಷಿಯಲ್ ಫ್ರಾಕ್ಷನ್ ಹಾಕಿದರೆ (1/4) log|(x + 1)/(x + 5)| + C ಬರುತ್ತದೆ. 5ರ ಬದಲು 9 ಇಟ್ಟರೆ ಅದು (x + 3)² ಆಗಿಬಿಡುತ್ತದೆ, ಉತ್ತರ −1/(x + 3) + C ಮಾತ್ರ.

ಒಂದು ಅಂಕಿ ಬದಲಾದರೆ ವಿಧಾನವೇ ಬದಲಾಗುತ್ತದೆ. ಇದನ್ನು ಅವಳು ಬೇರೆ ಬೇರೆ ದಿನ, ಬೇರೆ ಬೇರೆ ಎಕ್ಸರ್‌ಸೈಜಿನಲ್ಲಿ ನೋಡಿದ್ದಾಳೆ. ಒಂದೇ ಹಾಳೆಯಲ್ಲಿ ಯಾವತ್ತೂ ನೋಡಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಇಂಥ ಸ್ಟ್ಯಾಂಡರ್ಡ್ ಇಂಟಿಗ್ರಲ್ ಒಂದನ್ನು ಡಿರೈವ್ ಮಾಡಿ, ಅದನ್ನೇ ಬಳಸಿ ಒಂದು ಲೆಕ್ಕ ಮಾಡು ಅಂತ ಕೇಳುವ ರೂಢಿ ಇದೆ. ಡಿರೈವ್ ಮಾಡುವುದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅಂಕ ಹೋಗುವುದು "ಅದನ್ನೇ ಬಳಸಿ" ಅನ್ನುವ ಕಡೆ. ಆರು ಮತ್ತು ಏಳನೇ ವಾರ ಪೂರ್ತಿ ಈ ಗುಂಪಿಗೇ ಕೊಡುತ್ತೇನೆ.

ಎಂಟನೇ ವಾರ ಬೈ ಪಾರ್ಟ್ಸ್. ಇದರಲ್ಲಿ ಅವಳು ಪರವಾಗಿಲ್ಲ. ಯಾವ ಫಂಕ್ಷನನ್ನು ಮೊದಲು ಇಡಬೇಕು ಅನ್ನುವ ILATE ಕ್ರಮ ಗೊತ್ತಿದೆ, ಆದರೆ ಮೈನಸ್ ಚಿಹ್ನೆಯನ್ನು ಬ್ರ್ಯಾಕೆಟ್ ಹಾಕದೆ ಬರೆದು ಕಳೆದುಕೊಳ್ಳುತ್ತಾಳೆ. ಒಂದು ವಾರ ಸಾಕು.

ಒಂಬತ್ತರಿಂದ ಹನ್ನೊಂದನೇ ವಾರ ಡೆಫಿನಿಟ್ ಇಂಟಿಗ್ರಲ್. ಇಲ್ಲಿ ಅವಳ ಪತ್ರಿಕೆಯಲ್ಲಿ ಒಂದು ಮಜಾ ಇದೆ. ಲೆಕ್ಕ ಇದು: x/(x² + 1) ಅನ್ನು 0 ಯಿಂದ 2 ರವರೆಗೆ ಇಂಟಿಗ್ರೇಟ್ ಮಾಡಬೇಕು. u = x² + 1 ಅಂತ ಸರಿಯಾಗಿ ಹಿಡಿದಿದ್ದಾಳೆ. du = 2x dx ಕೂಡ ಸರಿ. ಆದರೆ ಲಿಮಿಟ್ಸ್ 0 ಮತ್ತು 2 ಹಾಗೇ ಬಿಟ್ಟಿದ್ದಾಳೆ. ಅವು x ನ ಲಿಮಿಟ್ಸ್. u ಗೆ ಬಂದಾಗ x = 0 ಇದ್ದಲ್ಲಿ u = 1, x = 2 ಇದ್ದಲ್ಲಿ u = 5 ಆಗಬೇಕು. ಹಾಗೇ ಬಿಟ್ಟದ್ದರಿಂದ ಕೊನೆಗೆ log 0 ಬಂತು. log 0 ಅಂತ ಒಂದು ಬೆಲೆಯೇ ಇಲ್ಲ. ಅವಳು ಅಲ್ಲಿ ಸ್ವಲ್ಪ ಹೊತ್ತು ನಿಂತಿರಬೇಕು, ಎರಡು ಸಲ ಅಳಿಸಿ ಬರೆದ ಗುರುತು ಇದೆ. ಆಮೇಲೆ ಸುಮ್ನೆ ಅದನ್ನು ಸೊನ್ನೆ ಅಂತ ಇಟ್ಟು (1/2) log 2 ಅಂತ ಮುಗಿಸಿದ್ದಾಳೆ. ಸರಿ ಉತ್ತರ (1/2) log 5.

log 0 ಬಂದಾಗಲೇ ಏನೋ ಎಡವಟ್ಟಾಗಿದೆ ಅಂತ ಹಿಂದೆ ಹೋಗಿ ನೋಡಬೇಕಿತ್ತು, ಅಲ್ವಾ? ಆ ಅನುಮಾನ ಬರಿಸುವುದಕ್ಕೆ ನಾನು ಅಂದಾಜು ಮಾಡಿಸುತ್ತೇನೆ. ಈ ಕರ್ವ್ x = 0 ಯಲ್ಲಿ ಸೊನ್ನೆ, x = 1 ರಲ್ಲಿ 0.5, x = 2 ರಲ್ಲಿ 0.4. ಸರಾಸರಿ ಎತ್ತರ 0.4 ರ ಆಸುಪಾಸು, ಅಗಲ 2. ವಿಸ್ತೀರ್ಣ 0.8 ರ ಹತ್ತಿರ ಇರಬೇಕು. (1/2) log 5 ಅಂದರೆ ಸುಮಾರು 0.80. (1/2) log 2 ಅಂದರೆ ಸುಮಾರು 0.35. ಯಾವುದು ತಪ್ಪು ಅಂತ ಕಣ್ಣಿಗೆ ಕಾಣುತ್ತದೆ. ಮೂರು ಬಿಂದುವಿನ ಈ ಅಂದಾಜಿಗೆ ಒಂದು ನಿಮಿಷವೂ ಬೇಡ. ಲಿಮಿಟ್ಸ್ ವಿಷಯಕ್ಕೆ ನನ್ನ ನಿಯಮ ಇಷ್ಟೇ: u ಅಂತ ಬರೆದ ತಕ್ಷಣ ಮುಂದಿನ ಸಾಲಿನಲ್ಲಿ x ಮತ್ತು u ದ ಬೆಲೆಗಳ ಪುಟ್ಟ ಟೇಬಲ್ ಬರಬೇಕು. ಆ ಟೇಬಲ್ ಬರೆಯದೆ ಮುಂದಿನ ಸಾಲು ಬರೆಯುವ ಹಾಗಿಲ್ಲ.

ಪ್ರಾಪರ್ಟೀಸ್ ಲೆಕ್ಕದಲ್ಲಿ ಇನ್ನೊಂದು ಅಪಾಯ ಕಂಡಿತು. 0 ಯಿಂದ π/2 ರವರೆಗಿನ √sin x/(√sin x + √cos x) ಥರದ ಲೆಕ್ಕಗಳಿಗೆ ಉತ್ತರ π/4 ಅಂತ ಅವಳಿಗೆ ಬಾಯಿಗೆ ಬಂದುಬಿಟ್ಟಿದೆ. ಟೆಸ್ಟಿನಲ್ಲಿ ಅದೇ ಫಂಕ್ಷನ್‌ಗೆ ಲಿಮಿಟ್ಸ್ π/6 ರಿಂದ π/3 ಕೊಟ್ಟಿದ್ದರು, ಅಲ್ಲೂ π/4 ಬರೆದಿದ್ದಾಳೆ. ಲೆಕ್ಕದ ಒಳಗೆ ನಡೆಯುವುದು ಇಷ್ಟು: x ಇದ್ದ ಕಡೆ (ಎರಡು ಲಿಮಿಟ್ಸ್‌ಗಳ ಮೊತ್ತ − x) ಹಾಕುತ್ತೇವೆ. ಇಲ್ಲಿ ಮೊತ್ತ π/2 ಆಗಿರುವುದರಿಂದ sin ಮತ್ತು cos ಜಾಗ ಬದಲಾಯಿಸಿಕೊಳ್ಳುತ್ತವೆ. ಹಳೆಯದನ್ನೂ ಹೊಸದನ್ನೂ ಕೂಡಿದರೆ 1 ಬರುತ್ತದೆ. ಅಂದರೆ ಉತ್ತರವನ್ನು I ಅಂತ ಇಟ್ಟುಕೊಂಡರೆ, 2I ಅನ್ನುವುದು ಬರೀ ಲಿಮಿಟ್ಸ್‌ಗಳ ನಡುವಿನ ಅಂತರ. π/3 − π/6 = π/6, ಆದ್ದರಿಂದ I = π/12. ಅಂತರದ ಅರ್ಧ ಅನ್ನುವುದು ಅರ್ಥವಾದರೆ π/4 ಅನ್ನು ನೆನಪಿಡುವುದೇ ಬೇಕಿಲ್ಲ. ಬೋರ್ಡ್ ಪರೀಕ್ಷೆಯ ಕೊನೆಯ ಭಾಗದಲ್ಲಿ ಪ್ರಾಪರ್ಟಿಯನ್ನು ಸಾಧಿಸಿ ಇಂಥ ಲೆಕ್ಕ ಮಾಡು ಅಂತ ಕೇಳುವುದು ಮಾಮೂಲಿ, ಹಾಗಾಗಿ ಇದಕ್ಕೆ ಹಾಕಿದ ಸಮಯ ದಂಡ ಅಲ್ಲ.

ಹನ್ನೆರಡನೇ ವಾರ ಹಳೇ ಪ್ರಶ್ನೆಪತ್ರಿಕೆಗಳು, ಗಡಿಯಾರ ಇಟ್ಟುಕೊಂಡು.

ಈಗ ನಿಮ್ಮ ಮೂರನೇ ಪ್ರಶ್ನೆ, ನಿಮಗೆ ಹೇಗೆ ಗೊತ್ತಾಗಬೇಕು. "ಇವತ್ತು ಎಷ್ಟು ಲೆಕ್ಕ ಮಾಡಿದೆ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ಅವಳು ಬರುವ ಲೆಕ್ಕಗಳನ್ನೇ ಇನ್ನೂ ಹತ್ತು ಮಾಡಿ ತೋರಿಸುತ್ತಾಳೆ. ನೋಟ್‌ಬುಕ್ ತೆಗೆದು ಬಲಗಡೆ ಮಾರ್ಜಿನ್ ನೋಡಿ. ಅಲ್ಲಿ ಬರಹ ಇದೆಯಾ? ಕೆಲವು ಕಡೆ ತಾನೇ ಹೊಡೆದುಹಾಕಿ ಮತ್ತೆ ಮಾಡಿದ್ದಾಳಾ? ಮೊದಲ ತಿಂಗಳಲ್ಲಿ ಹೊಡೆದುಹಾಕಿದ ಲೆಕ್ಕ ಜಾಸ್ತಿ ಇದ್ದರೆ ಅದು ಒಳ್ಳೆಯ ಲಕ್ಷಣ. ಮಾರ್ಜಿನ್ ಖಾಲಿ ಇದ್ದು ಉತ್ತರ ಎಲ್ಲ ಸರಿ ಇದ್ದರೆ ಪುಸ್ತಕದ ಹಿಂದೆ ನೋಡಿ ಬರೆದಿರಬಹುದು, ನನಗೊಂದು ಮಾತು ಹೇಳಿ.

20 ಇಂಟಿಗ್ರಲ್‌ಗಳ ಹಾಳೆಯನ್ನು ನಾಲ್ಕು, ಎಂಟು, ಹನ್ನೆರಡನೇ ವಾರದ ಕೊನೆಗೆ ಪರೀಕ್ಷೆಯ ಥರ ಕೊಟ್ಟು ನಿಮಗೆ ಕಳಿಸುತ್ತೇನೆ. ನಾಲ್ಕನೇ ವಾರಕ್ಕೆ 20ರಲ್ಲಿ 12ಕ್ಕೆ ವಿಧಾನ ಸರಿ ಹಿಡಿದರೆ ನಾವು ದಾರಿಯಲ್ಲಿದ್ದೇವೆ. ಎಂಟನೇ ವಾರಕ್ಕೆ 16 ಬೇಕು. ನಾಲ್ಕನೇ ವಾರಕ್ಕೆ 10 ಕೂಡ ದಾಟದಿದ್ದರೆ ಯೋಜನೆ ಬದಲಿಸುತ್ತೇನೆ. ಆಗ (ಇ) ಥರದ ಉದ್ದ ಲೆಕ್ಕಗಳನ್ನು ಪಕ್ಕಕ್ಕಿಟ್ಟು ಸ್ಟ್ಯಾಂಡರ್ಡ್ ಇಂಟಿಗ್ರಲ್ ಡಿರೈವ್ ಮಾಡುವುದು, ಪ್ರಾಪರ್ಟೀಸ್, ಮತ್ತೆ ವಿಸ್ತೀರ್ಣದ ಲೆಕ್ಕ ಇವಿಷ್ಟನ್ನೇ ಗಟ್ಟಿ ಮಾಡಿಸುತ್ತೇನೆ. ಇವುಗಳಲ್ಲಿ ಸ್ಟೆಪ್ ಮಾರ್ಕ್ಸ್ ಸಿಗುತ್ತದೆ.

ಎರಡು ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು, ಮೊದಲ ತಿಂಗಳು ಅವಳು ನಿಧಾನ ಆಗುತ್ತಾಳೆ. ಪ್ರತಿ ಉತ್ತರವನ್ನೂ ತಾಳೆ ನೋಡುವಾಗ ಸಮಯ ಹಿಡಿಯುತ್ತದೆ. ನವೆಂಬರ್‌ನ ಕಾಲೇಜ್ ಟೆಸ್ಟಿನಲ್ಲಿ ಒಂದೆರಡು ಲೆಕ್ಕ ಬಿಟ್ಟು ಬರಬಹುದು. ಅದಕ್ಕೆ ಬೈಯಬೇಡಿ. ಎರಡು, ಈ 12 ವಾರ ಬೋರ್ಡ್ ಪರೀಕ್ಷೆಗೆ ಸಾಕು, ಸಿಇಟಿಗೆ ಸಾಲದು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. (ಇ) ಲೆಕ್ಕವನ್ನು ಅಷ್ಟರಲ್ಲಿ ಬಿಡಿಸುವುದು ಬೇರೆಯೇ ಅಭ್ಯಾಸ. ಅಲ್ಲಿ ನಾಲ್ಕು ಆಯ್ಕೆ ಕೊಟ್ಟಿರುವುದರಿಂದ ಡೆರಿವೇಟಿವ್ ತೆಗೆದು ತಾಳೆ ನೋಡುವ ಅವಳ ಹೊಸ ರೂಢಿ ಉಪಯೋಗಕ್ಕೆ ಬರುತ್ತದೆ, ಆದರೆ ವೇಗದ ಕೆಲಸವನ್ನು ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಶುರು ಮಾಡೋಣ. ಎರಡನ್ನೂ ಒಟ್ಟಿಗೆ ಎಳೆದರೆ ತಾಳೆ ನೋಡುವುದನ್ನು ಬಿಟ್ಟು ಮತ್ತೆ ಹಳೇ ಅಭ್ಯಾಸಕ್ಕೇ ಹೋಗುತ್ತಾಳೆ.

ಮೊದಲ ಕ್ಲಾಸಿಗೆ ಬರುವಾಗ ಈ ಟೆಸ್ಟ್ ಪೇಪರ್, ಫಸ್ಟ್ ಪಿಯುಸಿ ಟ್ರಿಗ್ನಾಮೆಟ್ರಿ ನೋಟ್ಸ್, ಮತ್ತೆ ಒಂದು 200 ಪುಟದ ಹೊಸ ಲಾಂಗ್ ನೋಟ್‌ಬುಕ್ ತರಲಿ. ಮಾರ್ಜಿನ್ ಅವಳೇ ಹಾಕಿಕೊಂಡು ಬರಲಿ, ಬಲಗಡೆ, ನಾಲ್ಕು ಬೆರಳು ಅಗಲ.